ಬೀದರಿನ ಸುರಂಗ ಬಾವಿ ಮತ್ತು ನೆಲದಡಿಯ ನೀರಿನ ಲೆಕ್ಕ

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)



ಬೀದರಿನ ನೌಬಾದಿನಲ್ಲಿ ನೆಲದಡಿ ಒಂದು ಸುರಂಗವಿದೆ. ಬಹಮನಿ ಸುಲ್ತಾನರ ಕಾಲದಲ್ಲಿ, ಅಂದರೆ 15ನೇ ಶತಮಾನದಲ್ಲಿ, ಕೆಂಪು ಜಂಬಿಟ್ಟಿಗೆ ಕಲ್ಲನ್ನು ಕೊರೆದು ಮಾಡಿದ್ದು. ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಫಾರಸಿಯಲ್ಲಿ ಇದರ ಹೆಸರು ಕಾರೇಜ್, ಅರಬ್ಬಿಯಲ್ಲಿ ಕನಾತ್. ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಈ ಸುರಂಗದ ಮೇಲೆ ಸಾಲಾಗಿ ಬಾವಿಗಳಂತಹ ಕಂಡಿಗಳಿವೆ. ಇದಕ್ಕೆ ಪಂಪು ಬೇಡ, ಎತ್ತು ಬೇಡ, ಹಗ್ಗವೂ ಬೇಡ. ನೆಲದೊಳಗಿನ ನೀರು ತಾನಾಗಿಯೇ ಹರಿದು ಹೊರಗೆ ಬರಬೇಕು ಎಂಬುದೇ ಇದರ ಉಪಾಯ.

ಇಂದು ನಿಮ್ಮ ಮುಂದೆ ಒಂದೇ ಪ್ರಶ್ನೆ ಇಡುತ್ತೇನೆ. ಇಂತಹ ಸುರಂಗಕ್ಕೆ ನೀರು ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ, ಯಾವಾಗ ನಿಂತುಹೋಗುತ್ತದೆ? ಇದಕ್ಕೆ ಉತ್ತರ ತಿಳಿದರೆ ನಿಮ್ಮ ಪಠ್ಯದ ಅಂತರ್ಜಲದ ಪಾಠವೂ ತಿಳಿದಂತೆ.

ಮೊದಲು ಕಲ್ಲಿನ ವಿಷಯ. ಬೀದರ್ ನಗರವಿರುವುದು ಎತ್ತರದ ಪ್ರಸ್ಥಭೂಮಿಯ ಮೇಲೆ. ಅದರ ಮೇಲ್ಭಾಗವೆಲ್ಲ ಜಂಬಿಟ್ಟಿಗೆ. ಒಂದು ತುಂಡು ಕೈಗೆತ್ತಿಕೊಂಡು ನೋಡಿ, ಜೇನುಗೂಡಿನಂತೆ ತೂತುಗಳಿರುತ್ತವೆ. ಮಳೆಯ ನೀರು ಅದರೊಳಗೆ ಬೇಗ ಇಳಿಯುತ್ತದೆ. ಜಂಬಿಟ್ಟಿಗೆಯ ಕೆಳಗೆ ಜೇಡಿಯಂತಹ ಮೆತ್ತನೆಯ ಮಣ್ಣಿನ ಪದರ, ಅದರ ಕೆಳಗೆ ಕಪ್ಪು ಬಸಾಲ್ಟ್ ಕಲ್ಲು. ಜೇಡಿಯಲ್ಲಿ ನೀರು ಸುಲಭವಾಗಿ ಇಳಿಯುವುದಿಲ್ಲ. ಆದ್ದರಿಂದ ಇಂಗಿದ ನೀರು ಜೇಡಿಯ ಮೇಲೆ, ಜಂಬಿಟ್ಟಿಗೆಯ ತಳದಲ್ಲಿ ಸೇರಿಕೊಳ್ಳುತ್ತದೆ. ಹೀಗೆ ನೀರನ್ನು ಹಿಡಿದಿಟ್ಟುಕೊಂಡು, ಬಾವಿ ತೋಡಿದರೆ ಬಿಟ್ಟುಕೊಡುವ ಕಲ್ಲು ಅಥವಾ ಮಣ್ಣಿನ ಪದರಕ್ಕೆ ಜಲಪದರ ಎನ್ನುತ್ತೇವೆ.

ಜಲಪದರಗಳಲ್ಲಿ ಮುಖ್ಯವಾಗಿ ಎರಡು ಬಗೆ. ಜಂಬಿಟ್ಟಿಗೆಯದು ತೆರೆದ ಜಲಪದರ. ಅದರ ಮೇಲೆ ಮುಚ್ಚಳವಿಲ್ಲ, ಮಳೆ ನೇರವಾಗಿ ಒಳಗೆ ಇಳಿಯುತ್ತದೆ. ಅದರೊಳಗೆ ನೀರು ತುಂಬಿಕೊಂಡ ಭಾಗದ ಮೇಲಂಚೇ ಅಂತರ್ಜಲ ಮಟ್ಟ. ತೆರೆದ ಬಾವಿಯಲ್ಲಿ ಕಾಣುವ ನೀರಿನ ಮುಖ ಅದೇ. ಮಳೆಗಾಲದಲ್ಲಿ ಏರುತ್ತದೆ, ಬೇಸಿಗೆಯಲ್ಲಿ ಇಳಿಯುತ್ತದೆ. ಎರಡನೆಯದು ಮುಚ್ಚಿದ ಜಲಪದರ. ಕೆಳಗಿನ ಬಸಾಲ್ಟಿನಲ್ಲಿ ಗಟ್ಟಿ ಕಲ್ಲಿನ ಪದರಗಳ ನಡುವೆ ತೂತುಬಿದ್ದ, ಬಿರುಕುಬಿಟ್ಟ ಪದರಗಳೂ ಇರುತ್ತವೆ. ಅಲ್ಲಿ ನೀರು ಒತ್ತಡದಲ್ಲಿರುತ್ತದೆ. ಇದನ್ನು ಗುರುತಿಸುವುದು ಸುಲಭ. ಕೊಳವೆ ಬಾವಿ ಕೊರೆಯುವಾಗ 60 ಮೀಟರ್ ಆಳದಲ್ಲಿ ನೀರು ಸಿಕ್ಕಿ, ಆಮೇಲೆ ಆ ನೀರು ಕೊಳವೆಯೊಳಗೆ 25 ಮೀಟರ್ ಆಳದವರೆಗೆ ಮೇಲೇರಿ ನಿಂತರೆ, ಅದು ಮುಚ್ಚಿದ ಪದರದ ನೀರು. ತೆರೆದ ಪದರದಲ್ಲಾದರೆ ನೀರು ಸಿಕ್ಕ ಮಟ್ಟದಲ್ಲೇ ನಿಲ್ಲುತ್ತದೆ.

ನಮ್ಮ ಸುರಂಗ ಬಾವಿ ಮೇಲಿನ ತೆರೆದ ಪದರವನ್ನೇ ನಂಬಿದೆ. ಕೊಳವೆ ಬಾವಿಗಳು ಹೆಚ್ಚಾಗಿ ಕೆಳಗಿನ ಪದರವನ್ನು ನಂಬಿವೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಹರಿವಿನ ವಿಷಯ. ನೆಲದೊಳಗಿನ ನೀರು ನಿಂತ ನೀರಲ್ಲ. ಅಂತರ್ಜಲ ಮಟ್ಟ ಎತ್ತರವಿರುವ ಕಡೆಯಿಂದ ತಗ್ಗಿರುವ ಕಡೆಗೆ ಅದು ಮೆಲ್ಲಗೆ ಸಾಗುತ್ತಿರುತ್ತದೆ. ನೆಲದಡಿಯ ನೀರನ್ನು ಹುಡುಕುವುದು, ಕನಾತಿನ ಇಳಿಜಾರನ್ನು ಅಳೆಯುವುದು ಹೇಗೆ ಎಂದು 11ನೇ ಶತಮಾನದ ಆರಂಭದಲ್ಲೇ ಗಣಿತಜ್ಞ ಅಲ್-ಕರಜಿ ಒಂದು ಗ್ರಂಥ ಬರೆದಿದ್ದರು. ಆದರೆ ಹರಿವಿನ ಪ್ರಮಾಣಕ್ಕೆ ಸೂತ್ರ ಸಿಕ್ಕಿದ್ದು 1856ರಲ್ಲಿ. ಫ್ರಾನ್ಸಿನ ದಿಜೋನ್ ನಗರದ ನೀರು ಸರಬರಾಜು ನೋಡಿಕೊಂಡಿದ್ದ ಎಂಜಿನಿಯರ್ ಹೆನ್ರಿ ಡಾರ್ಸಿ, ಮರಳು ತುಂಬಿದ ಕೊಳವೆಯಲ್ಲಿ ನೀರು ಹಾಯಿಸಿ ಅದನ್ನು ಕಂಡುಕೊಂಡರು:

Q = K × i × A

ಇಲ್ಲಿ Q ಎಂದರೆ ಒಂದು ದಿನಕ್ಕೆ ಹರಿಯುವ ನೀರು. K ಎಂದರೆ ಆ ಕಲ್ಲು ನೀರನ್ನು ಎಷ್ಟು ಸುಲಭವಾಗಿ ಬಿಡುತ್ತದೆ ಎಂಬ ಅಳತೆ. i ಎಂದರೆ ಅಂತರ್ಜಲ ಮಟ್ಟದ ಇಳಿಜಾರು. A ಎಂದರೆ ನೀರು ಹಾದುಹೋಗುವ ಅಡ್ಡಕೊಯ್ತದ ವಿಸ್ತೀರ್ಣ.

ಒಂದು ಲೆಕ್ಕ ಮಾಡೋಣ. ಅಂಕಿಗಳನ್ನು ಲೆಕ್ಕ ಸುಲಭವಾಗಲೆಂದು ನಾನೇ ಇಟ್ಟುಕೊಂಡಿದ್ದೇನೆ. ಜಂಬಿಟ್ಟಿಗೆಯ ನೆಲದಲ್ಲಿ 600 ಮೀಟರ್ ಅಂತರದಲ್ಲಿ ಎರಡು ತೆರೆದ ಬಾವಿಗಳಿವೆ. ಮೊದಲ ಬಾವಿಯ ಬಾಯಿ 100 ಮೀಟರ್ ಎತ್ತರದಲ್ಲಿದೆ, ನೀರು 8 ಮೀಟರ್ ಕೆಳಗಿದೆ. ಎರಡನೆಯ ಬಾವಿಯ ಬಾಯಿ 95 ಮೀಟರ್ ಎತ್ತರದಲ್ಲಿದೆ, ನೀರು 6 ಮೀಟರ್ ಕೆಳಗಿದೆ. ನೀರು ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತದೆ?

ಎರಡನೆಯ ಬಾವಿಯಲ್ಲಿ ನೀರು ಮೇಲೆಯೇ ಇದೆಯಲ್ಲ, ಅಲ್ಲಿಂದ ಮೊದಲನೆಯದಕ್ಕೆ ಹರಿಯುತ್ತದೆ ಎಂದು ಅನೇಕ ಮಕ್ಕಳು ಬರೆಯುತ್ತಾರೆ. ಅದು ತಪ್ಪು. ಬಾವಿಯ ಆಳವನ್ನು ನೋಡಬಾರದು, ನೀರಿನ ಮುಖ ಎಷ್ಟು ಎತ್ತರದಲ್ಲಿದೆ ಎಂದು ನೋಡಬೇಕು. ಮೊದಲ ಬಾವಿಯಲ್ಲಿ 100ರಲ್ಲಿ 8 ಕಳೆದರೆ 92 ಮೀಟರ್. ಎರಡನೆಯದರಲ್ಲಿ 95ರಲ್ಲಿ 6 ಕಳೆದರೆ 89 ಮೀಟರ್. ಆದ್ದರಿಂದ ನೀರು ಮೊದಲನೆಯದರಿಂದ ಎರಡನೆಯದರ ಕಡೆಗೆ ಹರಿಯುತ್ತದೆ. ವ್ಯತ್ಯಾಸ 3 ಮೀಟರ್, ದೂರ 600 ಮೀಟರ್. ಇಳಿಜಾರು 3 ÷ 600 = 0.005.

ನೀರು ತುಂಬಿದ ಜಂಬಿಟ್ಟಿಗೆಯ ದಪ್ಪ 10 ಮೀಟರ್, ಅಗಲ 400 ಮೀಟರ್ ಇದೆಯೆಂದರೆ A = 4,000 ಚದರ ಮೀಟರ್. K ದಿನಕ್ಕೆ 5 ಮೀಟರ್ ಎಂದಿಟ್ಟುಕೊಳ್ಳೋಣ.

Q = 5 × 0.005 × 4000 = 100

ಅಂದರೆ ದಿನಕ್ಕೆ 100 ಘನ ಮೀಟರ್, ಒಂದು ಲಕ್ಷ ಲೀಟರ್. ತಲೆಗೆ ದಿನಕ್ಕೆ 55 ಲೀಟರಿನಂತೆ ಸುಮಾರು 1,800 ಜನರಿಗೆ ಸಾಲುವಷ್ಟು ನೀರು, ಸದ್ದಿಲ್ಲದೆ ನೆಲದಡಿ ಸಾಗುತ್ತಿದೆ.

ಎಷ್ಟು ವೇಗದಲ್ಲಿ? K ಮತ್ತು i ಗುಣಿಸಿದರೆ ದಿನಕ್ಕೆ 0.025 ಮೀಟರ್ ಬರುತ್ತದೆ. ಆದರೆ ಇದು ನೀರಿನ ನಿಜವಾದ ವೇಗವಲ್ಲ. ನೀರು ಇಡೀ ಕಲ್ಲಿನಲ್ಲಿ ಹರಿಯುವುದಿಲ್ಲ, ತೂತುಗಳಲ್ಲಿ ಮಾತ್ರ ಹರಿಯುತ್ತದೆ. ಒಂದಕ್ಕೊಂದು ಕೂಡಿಕೊಂಡ ತೂತುಗಳು ನೂರಕ್ಕೆ 10 ಭಾಗ ಇದ್ದರೆ 0.025 ಅನ್ನು 0.10ರಿಂದ ಭಾಗಿಸಬೇಕು. ಆಗ ದಿನಕ್ಕೆ 0.25 ಮೀಟರ್, ಅಂದರೆ ಒಂದು ಗೇಣು ಮತ್ತು ಸ್ವಲ್ಪ. 600 ಮೀಟರ್ ಸಾಗಲು 2,400 ದಿನ, ಆರೂವರೆ ವರ್ಷ! ಇಂದು ಮೊದಲ ಬಾವಿಯ ಬಳಿ ಶೌಚ ಗುಂಡಿಯಿಂದ ಕೊಳೆ ಸೇರಿದರೆ, ಅದು ಎರಡನೆಯ ಬಾವಿಯಲ್ಲಿ ಕಾಣಿಸುವಾಗ ಅದಕ್ಕೆ ಕಾರಣರಾದವರು ಊರು ಬಿಟ್ಟು ಹೋಗಿರಬಹುದು.

ಆದರೆ ಒಂದು ಎಚ್ಚರ. ಡಾರ್ಸಿಯ ಮರಳು ಎಲ್ಲ ಕಡೆ ಒಂದೇ ತರಹ ಇತ್ತು, ಜಂಬಿಟ್ಟಿಗೆ ಹಾಗಿಲ್ಲ. ಬಿರುಕು ಮತ್ತು ಕೊಳವೆಯಂತಹ ತೂತುಗಳಿರುವ ಕಡೆ ನೀರು ಹತ್ತಾರು ಪಟ್ಟು ವೇಗವಾಗಿ ಓಡಬಹುದು. ಆದ್ದರಿಂದ ಈ ಉತ್ತರವನ್ನು ಸರಾಸರಿ ಎಂದು ತಿಳಿಯಬೇಕು. ಬಾವಿ ಎಷ್ಟು ದೂರವಿದ್ದರೆ ಕೊಳೆಯಿಂದ ಸುರಕ್ಷಿತ ಎಂದು ಇದರಿಂದ ತೀರ್ಮಾನಿಸಬಾರದು.

ಈ ಒಂದು ಲಕ್ಷ ಲೀಟರ್ ಪ್ರತಿದಿನ ಹರಿಯಬೇಕಾದರೆ ಅಷ್ಟು ನೀರು ಮೇಲಿನಿಂದ ಇಂಗಬೇಕು. ಇದೇ ಮರುಪೂರಣ. ವರ್ಷಕ್ಕೆ ಬೇಕಾದದ್ದು 100 × 365 = 36,500 ಘನ ಮೀಟರ್. ವರ್ಷದ ಮಳೆ 800 ಮಿಲಿಮೀಟರ್, ಅದರಲ್ಲಿ ನೂರಕ್ಕೆ 7 ಭಾಗ ಜಲಪದರ ಸೇರುತ್ತದೆ ಎಂದುಕೊಂಡರೆ 56 ಮಿಲಿಮೀಟರ್. ಉಳಿದದ್ದು ಹರಿದುಹೋಗುತ್ತದೆ, ಆವಿಯಾಗುತ್ತದೆ, ಗಿಡಮರಗಳು ಹೀರುತ್ತವೆ. ಒಂದು ಚದರ ಕಿಲೋಮೀಟರ್ ನೆಲದಲ್ಲಿ 56 ಮಿಲಿಮೀಟರ್ ಎಂದರೆ 56,000 ಘನ ಮೀಟರ್. ಹಾಗಾದರೆ ನಮ್ಮ ಹರಿವಿಗೆ ಸುಮಾರು 0.65 ಚದರ ಕಿಲೋಮೀಟರ್, ಅಂದರೆ 160 ಎಕರೆ ತೆರೆದ ನೆಲ ಬೇಕು. ಅದರಲ್ಲಿ 80 ಎಕರೆಗೆ ಲೇಔಟ್ ಬಂದು, ಕಾಂಕ್ರೀಟು ಬಿದ್ದು, ಮಳೆನೀರು ಚರಂಡಿ ಸೇರಿದರೆ ಮರುಪೂರಣವೂ ಅರ್ಧಕ್ಕೆ ಇಳಿಯುತ್ತದೆ. ಸುರಂಗವನ್ನು ಯಾರೂ ಮುಟ್ಟದಿದ್ದರೂ ನೀರು ಕಡಿಮೆಯಾಗುತ್ತದೆ.

ಈಗ ಕೊಳವೆ ಬಾವಿಗೆ ಬರೋಣ. ಗಂಟೆಗೆ 5,000 ಲೀಟರ್ ಎತ್ತುವ ಬೋರು ದಿನಕ್ಕೆ 8 ಗಂಟೆ ಓಡಿದರೆ 40,000 ಲೀಟರ್. ಅಂತಹ ಮೂರು ಬೋರುಗಳು 1,20,000 ಲೀಟರ್ ಎತ್ತುತ್ತವೆ. ಇಡೀ ಹರಿವಿಗಿಂತ ಹೆಚ್ಚು! ಬೋರು ಕೆಳಗಿನ ಪದರದ್ದಲ್ಲವೇ, ಮೇಲಿನ ನೀರಿಗೆ ಏನು ತೊಂದರೆ ಎಂದು ನೀವು ಕೇಳಬಹುದು. ಕೇಸಿಂಗ್ ಪೈಪನ್ನು ಗಟ್ಟಿ ಕಲ್ಲಿನವರೆಗೆ ಇಳಿಸಿ ಸುತ್ತ ಭದ್ರ ಮಾಡದಿದ್ದರೆ, ಬೋರಿನ ತೂತೇ ಜೇಡಿಯನ್ನು ದಾಟುವ ದಾರಿಯಾಗುತ್ತದೆ. ಮೇಲಿನ ನೀರು ಅದರೊಳಗೆ ಸುರಿಯುತ್ತದೆ. ಪಂಪು ನಿಲ್ಲಿಸಿ ಬೋರಿನ ಬಾಯಿಗೆ ಕಿವಿಕೊಟ್ಟರೆ ಕೆಲವೊಮ್ಮೆ ಒಳಗೆ ನೀರು ಬೀಳುವ ಸದ್ದು ಕೇಳಿಸುತ್ತದೆ. ಮನೆಯವರು ಅದನ್ನು ಕೇಳಿ ಒಳ್ಳೆಯ ನೀರಿದೆ ಎಂದು ಸಂತೋಷಪಡುತ್ತಾರೆ. ನಿಜವಾಗಿ ಅದು ಅಕ್ಕಪಕ್ಕದ ತೆರೆದ ಬಾವಿಗಳ ನೀರು ಬಸಿದುಹೋಗುವ ಸದ್ದಾಗಿರಬಹುದು.

ಇದರಿಂದ ಅಂತರ್ಜಲ ಮಟ್ಟ ಎರಡೂ ಕಡೆ 2 ಮೀಟರ್ ಇಳಿಯಿತು ಎನ್ನೋಣ. 92 ಹೋಗಿ 90 ಆಯಿತು, 89 ಹೋಗಿ 87 ಆಯಿತು. ಇಳಿಜಾರು ಮಾತ್ರ ಹಾಗೆಯೇ ಉಳಿಯಿತು. ದಪ್ಪ 8 ಮೀಟರ್ ಆದ್ದರಿಂದ Q = 5 × 0.005 × 3200 = 80. ಇನ್ನೂ ದಿನಕ್ಕೆ 80,000 ಲೀಟರ್ ಹರಿಯುತ್ತಿದೆ. ಆದರೆ ಎರಡನೆಯ ಬಾವಿಯ ಬಳಿ ಹಾದುಹೋಗುವ ಸುರಂಗದ ತಳ 87 ಮೀಟರಿನಲ್ಲಿದ್ದರೆ, ಅಲ್ಲಿ ಸುರಂಗಕ್ಕೆ ಒಂದು ಹನಿಯೂ ಸಿಗುವುದಿಲ್ಲ. ನೀರೆಲ್ಲ ಅದರ ಕೆಳಗಿನಿಂದ ಸಾಗುತ್ತದೆ.

ಸುರಂಗ ಬಾವಿಗೂ ಕೊಳವೆ ಬಾವಿಗೂ ಇರುವ ವ್ಯತ್ಯಾಸ ಇದೇ. ಸುರಂಗದ ತಳ ಒಂದೇ ಮಟ್ಟದಲ್ಲಿ ನಿಂತಿದೆ. ಮಟ್ಟ ಅದಕ್ಕಿಂತ ಮೇಲಿದ್ದಾಗ ಮಾತ್ರ ಅದು ನೀರು ಪಡೆಯುತ್ತದೆ, ಮಳೆ ಕೊಟ್ಟಷ್ಟನ್ನೇ ಹೊರಗೆ ಬಿಡುತ್ತದೆ. ಕೊಳವೆ ಬಾವಿಯಾದರೋ ಮಟ್ಟ ಇಳಿದಂತೆ ಪಂಪನ್ನೂ ಇಳಿಸುತ್ತಾ ಹೋಗುತ್ತದೆ. ಹಳೆಯ ದಾಸ್ತಾನನ್ನೂ ತೆಗೆದುಬಿಡುತ್ತದೆ.

ಹಾಗಾದರೆ ಒಂದು ಸುರಂಗ ಬತ್ತಿದ್ದು ಏಕೆಂದು ತಿಳಿಯುವುದು ಹೇಗೆ? ಮೇಲಿನ ಕಂಡಿಗಳಲ್ಲಿ ಹಗ್ಗ ಇಳಿಸಿ ನೋಡಬೇಕು. ಮೇಲ್ಭಾಗದ ಕಂಡಿಗಳಲ್ಲಿ ನೀರು ನಿಂತಿದ್ದು ಕೆಳಗಿನ ಬಾಯಲ್ಲಿ ಬಾರದಿದ್ದರೆ ನಡುವೆ ಹೂಳು ತುಂಬಿದೆ. ಹೂಳು ತೆಗೆದರೆ ನೀರು ಬರುತ್ತದೆ. ಎಲ್ಲ ಕಂಡಿಗಳೂ ತಳದವರೆಗೆ ಒಣಗಿದ್ದರೆ ಅಂತರ್ಜಲ ಮಟ್ಟವೇ ಇಳಿದಿದೆ. ಆಗ ಹೂಳೆತ್ತುವುದರಿಂದ ಪ್ರಯೋಜನವಿಲ್ಲ, ಮೇಲಿನ ನೆಲದ ಮರುಪೂರಣವನ್ನೂ ಸುತ್ತಲಿನ ಬೋರುಗಳನ್ನೂ ನೋಡಬೇಕು. ನೌಬಾದಿನ ಸುರಂಗದಲ್ಲಿ 2010ರ ದಶಕದಲ್ಲಿ ಹೂಳು ತೆಗೆಯುವ ಕೆಲಸ ನಡೆಯಿತು. ಸುರಂಗ ಮತ್ತೆ ಬೆಳಕಿಗೆ ಬಂತು. ಆದರೆ ಅದು ಬಾಳುವುದು ಅದರ ಮೇಲಿರುವ ಕೆಂಪು ನೆಲ ತೆರೆದಿರುವಷ್ಟು ದಿನ ಮಾತ್ರ.

ಸೂರಹ್ ಮುಲ್ಕಿನ ಕೊನೆಯ ಆಯತ್ತು ನೆಲದಡಿಗೆ ಇಳಿದುಹೋಗುವ ನೀರಿನ ಕುರಿತಾದದ್ದು. ನಿಮ್ಮಲ್ಲಿ ಅನೇಕರಿಗೆ ಅದು ಬಾಯಿಪಾಠವಿದೆ. ಈ ವರ್ಷ ಅದರ ಜೊತೆಗೆ ಒಂದು ಕೆಲಸ ಮಾಡಿ. ನಿಮ್ಮ ಮೊಹಲ್ಲಾದ ಒಂದು ತೆರೆದ ಬಾವಿಯನ್ನು ಆರಿಸಿಕೊಂಡು, ಹಗ್ಗಕ್ಕೆ ಕಲ್ಲು ಕಟ್ಟಿ, ಮೇ ತಿಂಗಳಲ್ಲಿ ಒಮ್ಮೆ ಹಾಗೂ ನವೆಂಬರಿನಲ್ಲಿ ಒಮ್ಮೆ ನೀರಿನ ಮಟ್ಟ ಅಳೆಯಿರಿ. ಬೆಳಿಗ್ಗೆ ಯಾರೂ ನೀರು ಸೇದುವ ಮೊದಲೇ ಅಳೆಯಬೇಕು. ತಾರೀಖು ಹಾಕಿ ಪುಸ್ತಕದಲ್ಲಿ ಬರೆದಿಡಿ. ಐದು ವರ್ಷದ ನವೆಂಬರ್ ಅಳತೆಗಳನ್ನು ಪಕ್ಕಪಕ್ಕ ಇಟ್ಟು, ಆ ವರ್ಷಗಳ ಮಳೆಯನ್ನೂ ಜೊತೆಗೆ ಬರೆದು ನೋಡಿ. ಮಳೆ ಚೆನ್ನಾಗಿ ಬಂದ ವರ್ಷಗಳಲ್ಲೂ ಮಟ್ಟ ಮೊದಲಿನ ಜಾಗಕ್ಕೆ ಏರದಿದ್ದರೆ, ಆ ನೆಲ ಪಡೆಯುವುದಕ್ಕಿಂತ ಹೆಚ್ಚು ಕೊಡುತ್ತಿದೆ ಎಂದು ಅರ್ಥ.