ಹಳೇ ಗೋವಾದ ಕೈಮೂಳೆ ಯಾರದ್ದು?

ಶನಿವಾರ ಸಂಜೆ ನಿದ್ದೆ ಬಿಟ್ಟು ಐರೋಲಿ, ಮಹಾಪೆ, ಡೊಂಬಿವ್ಲಿಯಿಂದ ನೆರೂಳಿಗೆ ಬಂದಿದ್ದೀರಿ, ಹಾಗಾಗಿ ಪೀಠಿಕೆ ಉದ್ದ ಮಾಡಲ್ಲ. ನಮ್ಮಲ್ಲಿ ಬಹಳ ಜನ ಪನವೇಲಿನಲ್ಲಿ ರಾತ್ರಿ ಕೊಂಕಣಕನ್ಯಾ ಹತ್ತಿ ಗೋವಾಕ್ಕೆ ಹೋಗಿದ್ದೀವಿ. ಮಡಗಾಂವ್‌ಗಿಂತ ಮುಂಚೆ ಕರ್ಮಳಿ ಸ್ಟೇಷನ್ ಬರುತ್ತಲ್ಲ, ಅಲ್ಲಿಳಿದರೆ ಹಳೇ ಗೋವಾ ಹತ್ತಿರ. ಅಲ್ಲಿನ ಗುಡ್ಡದ ಮೇಲೆ 46 ಮೀಟರ್ ಎತ್ತರದ ಮುರಿದ ಗೋಪುರ ಒಂದಿದೆ. ಸೇಂಟ್ ಅಗಸ್ಟೀನ್ ಚರ್ಚಿನ ಪಾಳು ಅದು. ಬಹಳ ಜನ ಅಲ್ಲಿ ಸೆಲ್ಫಿ ತಗೊಂಡು ವಾಪಸ್ ಬರ್ತಾರೆ. ನಾನೂ ಮೊದಲ ಸಲ ಅಷ್ಟೇ ಮಾಡಿದ್ದೆ.

ಆ ಪಾಳಿನ ಮಣ್ಣಿನಲ್ಲಿ 2004ರಲ್ಲಿ ಒಂದು ಕೈಮೂಳೆಯ ತುಂಡು ಸಿಕ್ತು. ಅದು ಜಾರ್ಜಿಯಾ ದೇಶದ ರಾಣಿ ಕೆಟೆವಾನ್‌ಳದ್ದಾ, ಅಲ್ಲವಾ? ಇವತ್ತಿನ ಮಾತು ಅಷ್ಟೇ.

ಕಥೆ ಚಿಕ್ಕದಾಗಿ ಹೇಳ್ತೀನಿ. ಕೆಟೆವಾನ್ ಕಾಖೆತಿ ಎಂಬ ರಾಜ್ಯದ ರಾಣಿ. ಪರ್ಷಿಯಾದ ಷಾ ಅಬ್ಬಾಸ್ ಆಕೆಯನ್ನು ಒತ್ತೆಯಾಳಾಗಿ ಶಿರಾಜ್‌ನಲ್ಲಿ ಹಲವು ವರ್ಷ ಇಟ್ಟುಕೊಂಡಿದ್ದ. ಮತಾಂತರಕ್ಕೆ ಒಪ್ಪಲಿಲ್ಲ ಅಂತ 1624ರಲ್ಲಿ ಹಿಂಸಿಸಿ ಕೊಲ್ಲಿಸಿದ. ಆಗ ಶಿರಾಜ್‌ನಲ್ಲಿದ್ದ ಪೋರ್ಚುಗೀಸ್ ಅಗಸ್ಟೀನಿಯನ್ ಪಾದ್ರಿಗಳು ಆಕೆಯ ಅವಶೇಷಗಳನ್ನು ಗುಟ್ಟಾಗಿ ತೆಗೆದು ಒಂದು ಭಾಗವನ್ನು ಗೋವಾದ ತಮ್ಮ ಮಠಕ್ಕೆ ತಂದರು. ಎಲ್ಲಿಟ್ಟರು ಅಂತಲೂ ಪೋರ್ಚುಗೀಸ್ ದಾಖಲೆ ಹೇಳುತ್ತೆ: ಮಠದ ಸಭಾ ಚಾಪೆಲ್‌ನ ಎರಡನೇ ಕಿಟಕಿಯ ಬಳಿ, ಕಲ್ಲಿನ ಪೆಟ್ಟಿಗೆಯಲ್ಲಿ.

ವಿಳಾಸ ಇಷ್ಟು ಸ್ಪಷ್ಟವಾಗಿದ್ದ ಮೇಲೆ ಇನ್ನೇನು ಕಷ್ಟ ಅಂತೀರಾ? ಆ ವಿಳಾಸದಲ್ಲಿ ಕಟ್ಟಡವೇ ಇರಲಿಲ್ಲ. 1835ರಲ್ಲಿ ಮಠ ಖಾಲಿಯಾಯ್ತು, 1842ರಲ್ಲಿ ಚರ್ಚಿನ ಚಾವಣಿ ಕುಸಿಯಿತು. ನೂರೈವತ್ತು ಮಳೆಗಾಲದ ಕೆಸರು, ಕೆಂಪುಕಲ್ಲು, ಗಿಡಗಂಟಿ. ಅದರಡಿಯಲ್ಲಿ ಯಾವುದು ಎರಡನೇ ಕಿಟಕಿ? ಜಾರ್ಜಿಯಾದವರು ಹಲವು ಸಲ ಬಂದು ಹುಡುಕಿದರು. ಕೊನೆಗೆ ನಮ್ಮ ಪುರಾತತ್ವ ಸರ್ವೇಕ್ಷಣಾ ಇಲಾಖೆ ಅಗೆಯುತ್ತಾ ಹೋಗಿ ಆ ಮೂಳೆ ತೆಗೆಯಿತು. ಮಠದ ಎರಡು ಜಾಗಗಳಿಂದ ಒಟ್ಟು ಮೂರು ಮೂಳೆಗಳು ಹೈದರಾಬಾದಿನ ಸಿಸಿಎಂಬಿ ಪ್ರಯೋಗಾಲಯಕ್ಕೆ ಹೋದವು. ಮೊದಲನೇದಕ್ಕೆ ಕ್ಯೂಕೆಟಿ1 ಅಂತ ಹೆಸರು.

ಈಗ ನಿಜವಾದ ತಲೆನೋವು. ಡಿಎನ್‌ಎ ಸಿಕ್ಕರೆ ಸಾಲದು, ಹೋಲಿಸೋದಕ್ಕೆ ಯಾರಾದರೂ ಬೇಕು.

ಇಂಗ್ಲೆಂಡಿನ ರಾಜ ಮೂರನೇ ರಿಚರ್ಡ್ ನೆನಪಿರಬಹುದು. 1485ರಲ್ಲಿ ಯುದ್ಧದಲ್ಲಿ ಸತ್ತವನು 2012ರಲ್ಲಿ ಲೆಸ್ಟರ್ ಊರಿನ ಕಾರ್ ಪಾರ್ಕಿಂಗ್ ಕೆಳಗೆ ಸಿಕ್ಕ. ಅಲ್ಲಿ ಹೋಲಿಸೋಕೆ ಜನ ಇದ್ದರು. ರಾಜನ ಮಕ್ಕಳ ವಂಶ ಅಲ್ಲ, ಅವನ ಅಕ್ಕನ ಹೆಣ್ಣುಸಂತಾನದ ಇಬ್ಬರು. ಅವರಲ್ಲೊಬ್ಬರು ಲಂಡನ್ನಿನಲ್ಲಿ ಮರದ ಪೀಠೋಪಕರಣ ಮಾಡುವವರು.

ಯಾಕೆ ಅಕ್ಕನ ಕಡೆ? ನಮ್ಮ ಮಂಗಳೂರು, ಉಡುಪಿ ಕಡೆಯವರಿಗೆ ಇದನ್ನ ವಿವರಿಸೋದೇ ಬೇಡ. ಅಳಿಯಸಂತಾನದಲ್ಲಿ ಬಳಿ ತಾಯಿಯಿಂದ ಬರುತ್ತೆ. ಮಗನಿಗೂ ಅಮ್ಮನ ಬಳಿಯೇ, ಆದರೆ ಅವನ ಮಕ್ಕಳಿಗೆ ಅದು ಹೋಗಲ್ಲ, ಅವರಿಗೆ ಅವರಮ್ಮನ ಬಳಿ. ಮೈಟೊಕಾಂಡ್ರಿಯದ ಡಿಎನ್‌ಎ ನಡೆಯೋದೂ ಥೇಟ್ ಹಾಗೇ. ಹಳೇ ಮೂಳೆಯಲ್ಲಿ ವಿಜ್ಞಾನಿಗಳು ಮೊದಲು ಅದನ್ನೇ ಹುಡುಕೋದಕ್ಕೆ ಕಾರಣ ಇದೆ. ಮಾಮೂಲಿ ಡಿಎನ್‌ಎ ಒಂದು ಜೀವಕೋಶದಲ್ಲಿ ಎರಡೇ ಪ್ರತಿ. ಇದರದ್ದು ನೂರಾರು, ಸಾವಿರಾರು. ಬಿಸಿಲು, ತೇವದಲ್ಲಿ ಎಲ್ಲಾ ಚೂರುಚೂರಾದರೂ ಒಂದಷ್ಟು ಉಳಿದಿರುತ್ತೆ. ಚೂರುಗಳ ಅಂಚು ಒಂದರ ಮೇಲೊಂದು ಕೂಡಿಸಿ ಓದಬೇಕು.

ಲೆಸ್ಟರಿನಲ್ಲಿ ಗಂಡುಸಂತಾನವನ್ನೂ ಪರೀಕ್ಷಿಸಿದರು. ತಂದೆಯಿಂದ ಮಗನಿಗೆ ಹೋಗುವ ವೈ ಕ್ರೋಮೋಸೋಮ್ ಹೊಂದಲೇ ಇಲ್ಲ! ನಡುವೆ ಎಲ್ಲೋ ಒಂದು ಕಡೆ ಕಾಗದದಲ್ಲಿದ್ದ ಅಪ್ಪ ಬೇರೆ, ನಿಜವಾದ ಅಪ್ಪ ಬೇರೆ. ಅಮ್ಮನ ಕಡೆ ಹೊಂದಿದ್ದಕ್ಕೆ, ಬೆನ್ನುಮೂಳೆ ಬಾಗಿದ್ದಕ್ಕೆ, ತಲೆಬುರುಡೆಯ ಗಾಯಗಳಿಗೆ, ಕಾಲಮಾನಕ್ಕೆ ಒಟ್ಟಿಗೆ ಲೆಕ್ಕ ಹಾಕಿ ‘ಇವನೇ’ ಅಂದರು.

ಕೆಟೆವಾನ್ ವಿಷಯದಲ್ಲಿ ಇದ್ಯಾವುದೂ ಇಲ್ಲ. ಪೂರ್ತಿ ಅಸ್ಥಿಪಂಜರ ಇಲ್ಲ, ಒಂದು ತುಂಡು ಮೂಳೆ. ಆಕೆಯ ಮಗ ತೈಮುರಾಜ್ ಮುಂದೆ ರಾಜನಾದ, ಆದರೆ ಮಗನ ವಂಶದವರು ಇವತ್ತು ಎದುರಿಗೆ ಬಂದು ನಿಂತರೂ ಈ ಪರೀಕ್ಷೆಗೆ ಉಪಯೋಗವಿಲ್ಲ, ಬಳಿ ಅಲ್ಲಿಗೇ ನಿಂತಿತು. ಹೆಂಗಸಾದ್ದರಿಂದ ವೈ ಕ್ರೋಮೋಸೋಮ್ ಪ್ರಶ್ನೆಯೇ ಬರಲ್ಲ. ಹಾಗಾಗಿ ಸಿಸಿಎಂಬಿಯವರು ಪ್ರಶ್ನೆಯನ್ನೇ ಬದಲಾಯಿಸಿದರು. ‘ಇದು ಕೆಟೆವಾನಾ?’ ಅಂತ ಕೇಳುವ ಬದಲು ‘ಈ ಮೂಳೆ ಇಲ್ಲಿಯವರದ್ದಾ, ಜಾರ್ಜಿಯಾ ಕಡೆಯದ್ದಾ?’ ಅಂತ ಕೇಳಿದರು.

ಕ್ಯೂಕೆಟಿ1ರಲ್ಲಿ ಸಿಕ್ಕಿದ್ದು ಯು1ಬಿ ಎಂಬ ತಾಯಿವಂಶದ ಗುಂಪು. ಉಳಿದೆರಡು ಮೂಳೆಗಳಲ್ಲಿ ಅದು ಇರಲಿಲ್ಲ. ಭಾರತದ 22,000ಕ್ಕೂ ಹೆಚ್ಚು ಜನರ ಮಾಹಿತಿಯಲ್ಲಿ ಹುಡುಕಿದರೆ ಒಬ್ಬರಲ್ಲೂ ಇಲ್ಲ. ಜಾರ್ಜಿಯಾದ 30 ಜನರಲ್ಲಿ ನೋಡಿದರೆ ಇಬ್ಬರಲ್ಲಿತ್ತು.

ಇದರಲ್ಲಿ ನನಗೆ ಇಷ್ಟವಾದ ಸಂಗತಿ ಒಂದಿದೆ. ಹಳೇ ಮೂಳೆ ಅಂದ್ರೆ ಎಲ್ಲಕ್ಕಿಂತ ದೊಡ್ಡ ಭಯ ಕಲಬೆರಕೆ. ಅಗೆದವರ ಬೆವರು, ಲ್ಯಾಬಿನವರ ಉಸಿರು ಸಾಕು. ಅವರ ಡಿಎನ್‌ಎಯನ್ನೇ ಓದಿ ರಾಣಿಯದ್ದು ಅಂದುಬಿಡಬಹುದು. ಆದರೆ ಇಲ್ಲಿ ಮುಟ್ಟಿದವರು ಬಹುತೇಕ ಭಾರತೀಯರು. ಕಲಬೆರಕೆಯಾಗಿದ್ದರೆ ನಮ್ಮಲ್ಲಿ ಸಾಮಾನ್ಯವಾದ ಗುಂಪು ಕಾಣಬೇಕಿತ್ತು. ನಮ್ಮಲ್ಲಿಲ್ಲದ್ದು ಕಂಡಿದ್ದೇ ಒಂದು ಸಾಕ್ಷಿ.

ಹಾಗಾದ್ರೆ ಕೇಸ್ ಮುಗೀತಾ? ನೋಡಿ, ಲೆಕ್ಕ ನಾವೇ ಮಾಡೋಣ. 30ರಲ್ಲಿ 2 ಅಂದ್ರೆ 15ಕ್ಕೆ ಒಬ್ಬರು. ನಮ್ಮಲ್ಲಿ 22,000ದಲ್ಲಿ ಒಬ್ಬರು ಅಂತಲೇ ಇಟ್ಟುಕೊಳ್ಳಿ. ‘ಭಾರತೀಯರ ಮೂಳೆ’ ಅನ್ನೋದಕ್ಕಿಂತ ‘ಜಾರ್ಜಿಯಾದವರ ಮೂಳೆ’ ಅನ್ನೋದಕ್ಕೆ ಸುಮಾರು 1,500 ಪಟ್ಟು ತೂಕ. ಇದು ಗಟ್ಟಿ. ಆದರೆ ‘ಕೆಟೆವಾನ್‌ಳಾ, ಇನ್ನೊಬ್ಬ ಜಾರ್ಜಿಯಾದವಳಾ?’ ಅಂತ ಕೇಳಿದರೆ ಡಿಎನ್‌ಎಗೆ ಹೇಳೋಕೆ ಆಗಲ್ಲ. 400706 ಅಂದ್ರೆ ನೆರೂಳ ಅಂತ ಗೊತ್ತಾಗುತ್ತೆ, ಫ್ಲ್ಯಾಟ್ ನಂಬರ್ ಗೊತ್ತಾಗಲ್ಲ. ಇನ್ನೂ ಒಂದು ಅನುಮಾನ: 30 ಜನ ಅನ್ನೋದು ಚಿಕ್ಕ ಲೆಕ್ಕ, ಇನ್ನೊಂದು 30 ಜನರನ್ನ ನೋಡಿದ್ದರೆ ಒಬ್ಬರೋ ನಾಲ್ವರೋ ಸಿಗಬಹುದಿತ್ತು. ಅಂದಿನ ಗೋವಾ ಬಂದರು ಬೇರೆ, ಪಶ್ಚಿಮ ಏಷ್ಯಾದವರು ಬಂದುಹೋಗುತ್ತಿದ್ದರು.

ಫ್ಲ್ಯಾಟ್ ನಂಬರ್ ಕೊಟ್ಟಿದ್ದು ಆ ಹಳೇ ಪೋರ್ಚುಗೀಸ್ ಕಾಗದ: ಚಾಪೆಲ್, ಎರಡನೇ ಕಿಟಕಿ. ಅದೂ ಇದೂ ಒಂದೇ ಜಾಗದಲ್ಲಿ ಸೇರಿದ್ದರಿಂದ ನಂಬಿಕೆ ಬಲವಾಯ್ತು. ಆದರೂ 2014ರಲ್ಲಿ ಮೈಟೊಕಾಂಡ್ರಿಯನ್ ಎಂಬ ಪತ್ರಿಕೆಯಲ್ಲಿ ಅವರ ಲೇಖನ ಅಚ್ಚಾದಾಗ ತಲೆಬರಹದಲ್ಲೇ ‘ಬಹುಶಃ’ ಅನ್ನೋ ಪದ ಇತ್ತು. ನಮ್ಮ ಟಿವಿಯವರಾಗಿದ್ದರೆ ಆ ಪದಾನ ಮೊದಲು ಕಿತ್ತು ಹಾಕ್ತಿದ್ರು.

ಜಾರ್ಜಿಯಾದ ಜನಕ್ಕೆ ಆಕೆ ಬರೀ ರಾಣಿ ಅಲ್ಲ, ಸಂತಳು. 2017ರಲ್ಲಿ ಅವಶೇಷವನ್ನು ಭಾರತ ಸರ್ಕಾರ ದರ್ಶನಕ್ಕೆಂದು ಆರು ತಿಂಗಳ ಮಟ್ಟಿಗೆ ಕಳಿಸಿತು, ಅವಧಿ ವಿಸ್ತರಣೆಯಾಯ್ತು. ಕೊನೆಗೆ 2021ರ ಜುಲೈನಲ್ಲಿ ವಿದೇಶಾಂಗ ಸಚಿವ ಜೈಶಂಕರ್ ಅವರು ಟಿಬಿಲಿಸಿಗೆ ಹೋಗಿ ಅದರ ಒಂದು ಭಾಗವನ್ನು ಜಾರ್ಜಿಯಾಕ್ಕೆ ಕಾಯಂ ಆಗಿ ಒಪ್ಪಿಸಿದರು. ಇನ್ನು ಪ್ರಶ್ನೆಗಳಿದ್ದರೆ ಕೇಳಿ. ಹಾರ್ಬರ್ ಲೈನ್ ಹಿಡಿಯೋರು ಮೊದಲು ಕೇಳಿಬಿಡಿ, ಕಡೇ ಲೋಕಲ್ ತಪ್ಪಿಸ್ಕೋಬೇಡಿ.