ಅಳಿದುಹೋದ ಒಂದು ಕೋಷ್ಟಕವನ್ನು ಮರಳಿ ತರುವ ಬಗೆ

ಡೇಟಾಬೇಸ್ ಎಂದರೆ ಒಂದಕ್ಕೊಂದು ಸಂಬಂಧವಿರುವ ಹಲವು ಕೋಷ್ಟಕಗಳ ಸಮೂಹ. ಬಳಕೆಯ ಮಾತಿನಲ್ಲಿ ಈ ಕೋಷ್ಟಕಗಳನ್ನು ಟೇಬಲ್ ಎನ್ನುತ್ತಾರೆ. ಉದಾಹರಣೆಗೆ, ಮೈಎಸ್‌ಕ್ಯೂಎಲ್ ಎಂಬ ತಂತ್ರಾಂಶವನ್ನು ಬಳಸುವ ಒಂದು ಗ್ರಂಥಾಲಯವನ್ನು ಕಲ್ಪಿಸಿಕೊಳ್ಳಬಹುದು. ಅಲ್ಲಿ ಸದಸ್ಯರ ವಿವರಕ್ಕೆ ಒಂದು, ಪುಸ್ತಕಗಳಿಗೆ ಒಂದು, ಯಾರು ಯಾವ ಪುಸ್ತಕ ಒಯ್ದರೆಂಬ ಎರವಲಿನ ಲೆಕ್ಕಕ್ಕೆ ಒಂದು, ಸದಸ್ಯರು ತೆತ್ತ ದಂಡಕ್ಕೆ ಇನ್ನೊಂದು, ಹೀಗೆ ನಾಲ್ಕು ಕೋಷ್ಟಕಗಳಿವೆ. ಪ್ರತಿ ರಾತ್ರಿ 2 ಗಂಟೆಗೆ ಇಡೀ ಡೇಟಾಬೇಸ್‌ನ ಪೂರ್ಣ ನಕಲು, ಅಂದರೆ ಫುಲ್ ಬ್ಯಾಕಪ್, `mysqldump` ಎಂಬ ಸಾಧನದ ಮೂಲಕ ಒಂದು ಕಡತವಾಗಿ ಉಳಿಯುತ್ತದೆ. ಬೆಳಗ್ಗೆ 11 ಗಂಟೆ 40 ನಿಮಿಷಕ್ಕೆ, ಪರೀಕ್ಷೆಗೆಂದು ಇಟ್ಟ ಬೇರೊಂದು ಡೇಟಾಬೇಸ್‌ನಲ್ಲಿ ಇದ್ದೇನೆಂದು ಭಾವಿಸಿದ ಸಿಬ್ಬಂದಿಯೊಬ್ಬರು ಚಾಲ್ತಿಯ ಡೇಟಾಬೇಸ್‌ನಲ್ಲಿಯೇ `DROP TABLE` ಎಂಬ ಆದೇಶ ಕೊಟ್ಟು, ಎರವಲಿನ ಕೋಷ್ಟಕವನ್ನು ಅಳಿಸಿಬಿಡುತ್ತಾರೆ.

ಮೈಎಸ್‌ಕ್ಯೂಎಲ್‌ನಲ್ಲಿ ಈ ಆದೇಶ ಕೊಟ್ಟ ಕ್ಷಣವೇ ಸ್ಥಿರಗೊಳ್ಳುವುದರಿಂದ `ROLLBACK` ಎಂದು ಹೇಳಿ ಅದನ್ನು ಹಿಂತೆಗೆದುಕೊಳ್ಳಲು ಬಾರದು. ಎರವಲು ಕೊಡುವ ಪರದೆಗಳು ಆಗಿನಿಂದಲೇ ದೋಷ ತೋರಿಸತೊಡಗುತ್ತವೆ. ಆ ಗಾಬರಿಯಲ್ಲಿ ಅದೇ ಹೆಸರಿನ ಖಾಲಿ ಕೋಷ್ಟಕವೊಂದನ್ನು ಸೃಷ್ಟಿಸಿ ಕೆಲಸ ಮುಂದುವರಿಸಿದರೆ ಹೊಸ ಎರವಲುಗಳಿಗೆ ಒಂದರಿಂದ ಸಂಖ್ಯೆ ಬೀಳತೊಡಗಿ, ಮುಂದೆ ಹಳೆಯ ದಾಖಲೆಗಳೊಡನೆ ಅವನ್ನು ಬೆರೆಸುವುದೇ ದುಸ್ತರವಾಗುತ್ತದೆ. ಆದ್ದರಿಂದ ಎರವಲಿನ ವಿಭಾಗವನ್ನು ಮಾತ್ರ ಮುಚ್ಚಿ, ಉಳಿದುದನ್ನು ನಡೆಯಲು ಬಿಡುವುದು ಸರಿಯಾದ ಮೊದಲ ಹೆಜ್ಜೆ.

ರಾತ್ರಿಯ ಬ್ಯಾಕಪ್ ಕಡತ ಕೈಯಲ್ಲಿದ್ದರೂ ಅದನ್ನು ಚಾಲ್ತಿಯ ಡೇಟಾಬೇಸ್‌ಗೆ ನೇರವಾಗಿ ಹರಿಸುವುದು ಮೊದಲಿನದಕ್ಕಿಂತ ದೊಡ್ಡ ಅನಾಹುತ. ಆ ಕಡತದೊಳಗೆ ಇರುವುದು ಸಾಲುಸಾಲಾಗಿ ಬರೆದ ಆದೇಶಗಳು. ಪ್ರತಿ ಕೋಷ್ಟಕದ ವಿವರಕ್ಕೆ ಮುಂಚೆ, ಆ ಹೆಸರಿನ ಕೋಷ್ಟಕ ಇದ್ದರೆ ಅಳಿಸು ಎಂಬ ಅರ್ಥದ `DROP TABLE IF EXISTS` ಎಂಬ ಸಾಲನ್ನು `mysqldump` ಸ್ವಭಾವತಃ ಸೇರಿಸಿರುತ್ತದೆ. ಹೀಗಾಗಿ ಕಡತ ಓಡಿದಂತೆಲ್ಲ ಸದಸ್ಯರು, ಪುಸ್ತಕಗಳು, ದಂಡ ಇವೆಲ್ಲವೂ ಅಳಿದು ರಾತ್ರಿ 2 ಗಂಟೆಯ ಸ್ಥಿತಿಗೆ ಮರಳುತ್ತವೆ. ಬೇರೆ ಹೆಸರಿನ ಡೇಟಾಬೇಸ್‌ಗೆ ಹರಿಸಿದರೆ ಅಪಾಯವಿಲ್ಲವೆಂಬ ನಂಬಿಕೆಯೂ ಎಲ್ಲ ಸಂದರ್ಭಗಳಲ್ಲಿ ನಿಲ್ಲುವುದಿಲ್ಲ. ಬ್ಯಾಕಪ್ ತೆಗೆಯುವಾಗ `--databases` ಅಥವಾ `--all-databases` ಎಂಬ ಆಯ್ಕೆ ಬಳಸಿದ್ದರೆ, ಇಂಥ ಡೇಟಾಬೇಸ್‌ಗೆ ಹೋಗು ಎಂದು ಹೇಳುವ `USE` ಎಂಬ ಸಾಲು ಕಡತದೊಳಗೇ ಇದ್ದು, ಹೊರಗಿನಿಂದ ಯಾವ ಹೆಸರು ಕೊಟ್ಟಿದ್ದರೂ ಅದು ಮೂಲ ಡೇಟಾಬೇಸ್‌ಗೇ ಕರೆದೊಯ್ಯುತ್ತದೆ.

ಕಡತದಿಂದ ಎರವಲಿನ ಭಾಗವನ್ನಷ್ಟೇ ಕತ್ತರಿಸಿ ಹಾಕಿದರೆ ಉಳಿದ ಕೋಷ್ಟಕಗಳೇನೋ ಉಳಿಯುತ್ತವೆ, ಆದರೆ ಮರಳಿ ಬರುವುದು ರಾತ್ರಿ 2 ಗಂಟೆಯ ಕೋಷ್ಟಕವೇ ಹೊರತು 11 ಗಂಟೆ 40 ನಿಮಿಷದ್ದಲ್ಲ. ಇದರಿಂದ ಬೆಳಗಿನ ದಾಖಲೆಗಳು ಇಲ್ಲವಾಗುವುದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಅದಕ್ಕಿಂತ ಕೆಟ್ಟದ್ದು. ಪ್ರತಿ ಎರವಲಿಗೆ ತಾನಾಗಿ ಏರುವ ಕ್ರಮಸಂಖ್ಯೆಯೊಂದು ಬೀಳುತ್ತದೆ, ಮತ್ತು ಮುಂದೆ ಯಾವ ಸಂಖ್ಯೆ ಕೊಡಬೇಕೆಂಬುದು `AUTO_INCREMENT` ಎಂಬ ಗುರುತಿನೊಡನೆ ಬ್ಯಾಕಪ್‌ನಲ್ಲಿಯೇ ಬರೆದಿರುತ್ತದೆ. ರಾತ್ರಿ ಆ ಗುರುತು 48211 ಆಗಿದ್ದು, ಬೆಳಗ್ಗೆ 60 ಎರವಲುಗಳು ನಡೆದು, ಅವುಗಳಲ್ಲಿ 48230ನೆಯದಕ್ಕೆ ದಂಡದ ಕೋಷ್ಟಕದಲ್ಲಿ ಒಂದು ನಮೂದು ಬಿದ್ದಿದೆಯೆಂದು ಇಟ್ಟುಕೊಳ್ಳಬಹುದು. ಹಳೆಯ ಕೋಷ್ಟಕವನ್ನು ಹಾಗೆಯೇ ತಂದರೆ ಮಧ್ಯಾಹ್ನದ ಎರವಲುಗಳಿಗೆ ಮತ್ತೆ 48211ರಿಂದಲೇ ಸಂಖ್ಯೆ ಬೀಳುತ್ತ ಹೋಗಿ, ಒಬ್ಬರಿಗೆ ಸೇರಿದ ದಂಡ ಇನ್ನೊಬ್ಬರ ಎರವಲಿಗೆ ಅಂಟಿಕೊಳ್ಳುತ್ತದೆ. ಪರದೆಯ ಮೇಲೆ ಯಾವ ದೋಷವೂ ಕಾಣಿಸಿಕೊಳ್ಳದೆ ಲೆಕ್ಕ ತಪ್ಪುತ್ತದೆ.

ಆದ್ದರಿಂದ ಬ್ಯಾಕಪ್ ಕಡತವನ್ನು ಚಾಲ್ತಿಯ ಸರ್ವರ್‌ಗೆ ಸಂಪರ್ಕವೇ ಇಲ್ಲದ ಬೇರೊಂದು ಸರ್ವರ್‌ನಲ್ಲಿ ಪೂರ್ತಿಯಾಗಿ ಹರಿಸಿ, ರಾತ್ರಿ 2 ಗಂಟೆಯ ಡೇಟಾಬೇಸ್‌ ಅನ್ನು ಅಲ್ಲಿ ಕಟ್ಟಿಕೊಂಡು, ಅದನ್ನು ಕಾಲದಲ್ಲಿ ಮುಂದಕ್ಕೆ ನಡೆಸುವುದೇ ಯೋಗ್ಯವಾದ ಮಾರ್ಗ. ಮುಂದಕ್ಕೆ ನಡೆಸಲು ನೆರವಾಗುವುದು ಬೈನರಿ ಲಾಗ್, ಅಂದರೆ ಡೇಟಾಬೇಸ್‌ನಲ್ಲಿ ಆದ ಪ್ರತಿ ಬದಲಾವಣೆಯನ್ನೂ ಸರ್ವರ್ ಅನುಕ್ರಮವಾಗಿ ಬರೆದಿಡುವ ದಿನಚರಿ. ಬ್ಯಾಕಪ್‌ ಅನ್ನು `--single-transaction` ಮತ್ತು `--source-data=2` ಎಂಬ ಆಯ್ಕೆಗಳೊಡನೆ ತೆಗೆದಿದ್ದರೆ, ನಕಲು ತೆಗೆದ ಕ್ಷಣದಲ್ಲಿ ದಿನಚರಿ ಯಾವ ಕಡತದ ಯಾವ ಸ್ಥಾನದಲ್ಲಿತ್ತೆಂಬುದು ಬ್ಯಾಕಪ್‌ನ ಮೇಲ್ಭಾಗದಲ್ಲಿ ಟಿಪ್ಪಣಿಯಾಗಿ ದಾಖಲಾಗಿರುತ್ತದೆ. ಅದೇ ಆರಂಭದ ಸ್ಥಾನ. `mysqlbinlog` ಎಂಬ ಸಾಧನದಿಂದ ದಿನಚರಿಯನ್ನು ಓದುತ್ತ ಹೋಗಿ `DROP TABLE` ಬಿದ್ದ ಜಾಗವನ್ನು ಹುಡುಕಿದರೆ ಅಂತ್ಯದ ಸ್ಥಾನವೂ ದೊರೆಯುತ್ತದೆ. ಗಡಿಯಾರದ ಸಮಯವನ್ನು ನಂಬಿ ನಿಲ್ಲಿಸುವುದಕ್ಕಿಂತ ಈ ಸ್ಥಾನಸಂಖ್ಯೆಯನ್ನು ನಂಬುವುದು ಮೇಲು, ಏಕೆಂದರೆ ಒಂದೇ ಸೆಕೆಂಡಿನಲ್ಲಿ ಹಲವು ಬದಲಾವಣೆಗಳು ಆಗಿರಬಹುದು. ಈ ಎರಡು ಸ್ಥಾನಗಳ ನಡುವಿನ ಬದಲಾವಣೆಗಳನ್ನು ಬೇರೆ ಸರ್ವರ್‌ನಲ್ಲಿ ಮರುನಡೆಸಿದಾಗ, ಎರವಲಿನ ಕೋಷ್ಟಕ ಅಳಿಯುವ ಹಿಂದಿನ ಕ್ಷಣದ ರೂಪದಲ್ಲಿ, ಸರಿಯಾದ ಕ್ರಮಸಂಖ್ಯೆಯೊಡನೆ ಅಲ್ಲಿ ನಿಲ್ಲುತ್ತದೆ.

ಆಮೇಲೆ ಅಲ್ಲಿಂದ ಆ ಒಂದೇ ಕೋಷ್ಟಕದ ನಕಲನ್ನು, ಡೇಟಾಬೇಸ್‌ನ ಹೆಸರು ಒಳಗೆ ಸೇರದಂತೆ, ಹೊಸ ಕಡತಕ್ಕೆ ತೆಗೆಯಬೇಕು. ಚಾಲ್ತಿಯ ಸರ್ವರ್‌ಗೆ ಒಯ್ಯುವ ಮುನ್ನ ಆ ಕಡತದಲ್ಲಿ `DROP TABLE` ಎಂಬ ಸಾಲು ಒಂದೇ ಇದೆಯೆಂದೂ, ಅದು ಎರವಲಿನ ಕೋಷ್ಟಕದ್ದೇ ಎಂದೂ, `USE` ಎಂಬ ಸಾಲು ಇಲ್ಲವೆಂದೂ ತೆರೆದು ನೋಡಿ ಖಚಿತಪಡಿಸಿಕೊಳ್ಳಬೇಕು. ಕೋಷ್ಟಕದೊಡನೆ ಅಳಿದುಹೋದ ಟ್ರಿಗರ್‌ಗಳು, ಅಂದರೆ ದಾಖಲೆ ಸೇರಿದಾಗ ತಾವಾಗಿ ನಡೆಯುವ ಆದೇಶಗಳು, ಇದೇ ಕಡತದಲ್ಲಿ ಮರಳಿ ಬರುತ್ತವೆ.

ಕೋಷ್ಟಕ ತುಂಬಿದ ಮೇಲೂ ಒಂದು ತಪಾಸಣೆ ಉಳಿಯುತ್ತದೆ. ಎರವಲು ಬಾಕಿಯಿರುವ ಸದಸ್ಯರ ಹೆಸರನ್ನು ತೆಗೆದುಹಾಕಲು ಬಾರದೆಂಬ ನಿಯಮವನ್ನು ಕಾಯುತ್ತಿದ್ದುದು ಎರವಲಿನ ಕೋಷ್ಟಕದಲ್ಲಿದ್ದ ಫಾರಿನ್ ಕೀ, ಅಂದರೆ ಎರಡು ಕೋಷ್ಟಕಗಳನ್ನು ಬೆಸೆಯುವ ಕೊಂಡಿ. ಕೋಷ್ಟಕ ಇಲ್ಲದ ಹೊತ್ತಿನಲ್ಲಿ ಆ ಕಾವಲೂ ಇರಲಿಲ್ಲವಾದ್ದರಿಂದ ಅಂಥ ಸದಸ್ಯರ ಹೆಸರು ಅಳಿದಿರಬಹುದು. ಇತ್ತ ಬ್ಯಾಕಪ್ ಕಡತ ವೇಗಕ್ಕಾಗಿ, ಹಾಗೂ ಕೋಷ್ಟಕಗಳ ಕ್ರಮ ಅಡ್ಡಿಯಾಗದಿರಲೆಂದು, ಈ ಕೊಂಡಿಗಳ ಪರಿಶೀಲನೆಯನ್ನು ತುಂಬುವಾಗ ನಿಲ್ಲಿಸಿರುವುದರಿಂದ ತಪ್ಪು ಸದ್ದಿಲ್ಲದೆ ಒಳಗೆ ಸೇರುತ್ತದೆ. ಸದಸ್ಯರಿಲ್ಲದ ಎರವಲುಗಳೂ ಎರವಲಿಲ್ಲದ ದಂಡಗಳೂ ಉಂಟೇ ಎಂದು ಪ್ರತ್ಯೇಕವಾಗಿ ಪ್ರಶ್ನಿಸಿ, ಎರಡೂ ಕಡೆ ಸೊನ್ನೆ ಬಂದ ಮೇಲಷ್ಟೇ ಮುಚ್ಚಿದ ವಿಭಾಗವನ್ನು ತೆರೆಯುವುದು ಸೂಕ್ತ.

ಬೈನರಿ ಲಾಗ್ ಇಲ್ಲದಿದ್ದರೆ ಬೆಳಗಿನ ಎರವಲುಗಳನ್ನು ಕೌಂಟರಿನ ಪುಸ್ತಕ, ರಸೀದಿ, ದಂಡದ ನಮೂದುಗಳಿಂದ ಕೈಯಾರೆ ತುಂಬಬೇಕಾಗುತ್ತದೆ, ಮತ್ತು ತೆರೆಯುವ ಮುನ್ನ ಕ್ರಮಸಂಖ್ಯೆಯನ್ನು ಬೆಳಗಿನ ಕೊನೆಯ ಸಂಖ್ಯೆಗಿಂತ ಮೇಲಕ್ಕೆ ಏರಿಸಲೇಬೇಕು. ಮೈಎಸ್‌ಕ್ಯೂಎಲ್ 8.0 ಆವೃತ್ತಿಯಲ್ಲಿ ಈ ದಿನಚರಿ ಸ್ವಭಾವತಃ ಚಾಲೂ ಇದ್ದು 30 ದಿನ ಉಳಿಯುತ್ತದೆ. ಜಾಗ ಉಳಿಸಲೆಂದು ಅದನ್ನು ನಿಲ್ಲಿಸಿದವರ ಕೈಯಲ್ಲಿ ಉಳಿಯುವುದು ರಾತ್ರಿ 2 ಗಂಟೆಯ ಲೆಕ್ಕವೊಂದೇ. ಆದ್ದರಿಂದ ಬ್ಯಾಕಪ್‌ನ ಹೊಣೆ ಹೊತ್ತವರು ಬೈನರಿ ಲಾಗ್ ಚಾಲೂ ಇದೆಯೇ, ರಾತ್ರಿಯ ಕಡತದ ಮೇಲ್ಭಾಗದಲ್ಲಿ ಆರಂಭದ ಸ್ಥಾನ ದಾಖಲಾಗುತ್ತಿದೆಯೇ ಎಂಬ ಎರಡನ್ನೂ ಇಂದೇ ನೋಡಿಕೊಳ್ಳಬೇಕು.