ಚಿತ್ರ ಹೊರಡುವ ಮುನ್ನ ಒಂದು ತಪಾಸಣೆ

ಹೊರನಾಡಿನಲ್ಲಿರುವ ನಮಗೆ ಕನ್ನಡ ಸಂಘದ ಸುದ್ದಿ ಈಗ ಮುಟ್ಟುವುದು ಹೆಚ್ಚಾಗಿ ಚಿತ್ರದ ರೂಪದಲ್ಲಿ. ನಾಟಕವಿರಲಿ, ರಾಜ್ಯೋತ್ಸವವಿರಲಿ, ದಿನ, ಸಮಯ, ಸಭಾಂಗಣ ಎಲ್ಲವೂ ಪೋಸ್ಟರಿನೊಳಗೇ ಅಚ್ಚಾಗಿರುತ್ತದೆ. ಕಣ್ಣು ಕಾಣದ ಸದಸ್ಯರು ಮೊಬೈಲನ್ನು ಬಳಸುವುದು ಸ್ಕ್ರೀನ್ ರೀಡರ್ ಎಂಬ ತಂತ್ರಾಂಶದಿಂದ. ಅದು ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದುತ್ತದೆ. ಚಿತ್ರದೊಳಗಿನ ಅಕ್ಷರವನ್ನು ಅದು ಸರಿಯಾಗಿ ಓದುತ್ತದೆಂದು ನಂಬಿ ಕೂರುವಂತಿಲ್ಲ. ಅದಕ್ಕಾಗಿಯೇ ಚಿತ್ರದ ಜೊತೆಗೆ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದ ವಿವರಣೆ, ಬರೆದಿಡುವ ಜಾಗವಿದೆ. ಎಲ್ಲರಿಗೂ ಕಾಣುವ ಅಡಿಬರಹ ಬೇರೆ, ಇದು ಬೇರೆ.

ಹಲವು ಸಂಘಗಳು ಚಿತ್ರವನ್ನು ಮೊದಲೇ ಸಿದ್ಧಮಾಡಿ, ಇಂಥ ದಿನ ಇಷ್ಟು ಹೊತ್ತಿಗೆ ತಾನಾಗಿ ಪ್ರಕಟವಾಗಲಿ ಎಂದು ನಿಗದಿ ಮಾಡಿಡುತ್ತವೆ. ಹೊರಡುವ ಗಳಿಗೆಯಲ್ಲಿ ಯಾರೂ ನೋಡುತ್ತಿರುವುದಿಲ್ಲ. ಆ ಕೆಲಸವನ್ನು ಒಂದು ಚಿಕ್ಕ ಪ್ರೋಗ್ರಾಮಿಗೆ ಒಪ್ಪಿಸಬಹುದು. ಅದು ಏನನ್ನು ನೋಡಬೇಕು ಎಂಬುದೇ ಇವತ್ತಿನ ಮಾತು.

ಮೊದಲನೆಯದು, ವಿವರಣೆ ಖಾಲಿಯಿದೆಯೇ ಎಂಬುದು. ಇದು ಕಂಡಷ್ಟು ಸುಲಭವಲ್ಲ. ಕನ್ನಡ ಟೈಪ್ ಮಾಡುವಾಗ ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯಲು ಕಣ್ಣಿಗೆ ಕಾಣದ ಒಂದು ಚಿಹ್ನೆಯನ್ನು ಬಳಸುತ್ತೇವೆ. ಅದೊಂದೇ ಆ ಜಾಗದಲ್ಲಿ ಉಳಿದಿದ್ದರೂ ಸಾಮಾನ್ಯ ತಪಾಸಣೆ "ಏನೋ ಇದೆ" ಎಂದು ಬಿಟ್ಟುಬಿಡುತ್ತದೆ. ಆದ್ದರಿಂದ ಅಂಥ ಚಿಹ್ನೆಗಳನ್ನು ತೆಗೆದುಹಾಕಿ ಆಮೇಲೆ ಎಣಿಸಬೇಕು. IMG-20251020-WA0007.jpg ಎಂಬಂಥ ಕಡತದ ಹೆಸರೇ ವಿವರಣೆಯ ಜಾಗದಲ್ಲಿ ಕೂತಿದ್ದರೆ ಅದೂ ಖಾಲಿಯೇ.

ಎರಡನೆಯದು ಉದ್ದ. ಮ್ಯಾಸ್ಟೊಡಾನ್ ತಾಣದಲ್ಲಿ ವಿವರಣೆಗೆ 1500 ಅಕ್ಷರಗಳ ಮಿತಿ ಇದೆ. "ರಾಜ್ಯೋತ್ಸವ" ಎಂಬ ಪದ ನಮ್ಮ ಕಣ್ಣಿಗೆ 4 ಅಕ್ಷರ. ಕಾಗುಣಿತ, ಒತ್ತು ಎಲ್ಲವನ್ನೂ ಬಿಡಿಯಾಗಿ ಎಣಿಸುವ ಯೂನಿಕೋಡ್ ಲೆಕ್ಕದಲ್ಲಿ 10, ಬೈಟ್ ಲೆಕ್ಕದಲ್ಲಿ 30. ಇಂಗ್ಲಿಷನ್ನೇ ಮನಸ್ಸಿನಲ್ಲಿಟ್ಟು ಬೈಟ್ ಎಣಿಸುವ ಪ್ರೋಗ್ರಾಮು ಕನ್ನಡದ ವಿವರಣೆಯನ್ನು ಮೂರನೆಯ ಒಂದು ಭಾಗಕ್ಕೇ "ಉದ್ದವಾಯಿತು" ಎಂದು ತಡೆದುಬಿಡುತ್ತದೆ.

ಇನ್ನು ಮುಖ್ಯವಾದದ್ದು. ಪುಣೆಯ ಒಂದು ಸಂಘ ಎಂದುಕೊಳ್ಳೋಣ. ಮಂಗಳವಾರ ಪೋಸ್ಟರು ಬಂತು, ಕಾರ್ಯದರ್ಶಿಗಳು ಒಳ್ಳೆಯ ವಿವರಣೆಯನ್ನೇ ಬರೆದರು, ಶನಿವಾರ ಬೆಳಗ್ಗೆ 8ಕ್ಕೆ ನಿಗದಿಯಾಯಿತು. ಗುರುವಾರ ಸಭಾಂಗಣ ಬದಲಾಯಿತು. ಹೊಸ ಪೋಸ್ಟರನ್ನು ಹಳೆಯದರ ಜಾಗದಲ್ಲಿ ಹಾಕಿದರು, ವಿವರಣೆ ಮಾತ್ರ ಹಾಗೇ ಉಳಿಯಿತು. ಖಾಲಿಯಿಲ್ಲ, ಉದ್ದವೂ ಸರಿ, ತಪಾಸಣೆ ಪಾಸು. ಕಣ್ಣಿದ್ದವರು ಹೊಸ ಸಭಾಂಗಣಕ್ಕೆ ಹೋಗುತ್ತಾರೆ. ವಿವರಣೆ ಕೇಳಿ ಹೊರಟವರು ಬೀಗ ಹಾಕಿದ ಹಳೆಯ ಬಾಗಿಲ ಮುಂದೆ ನಿಲ್ಲುತ್ತಾರೆ. ವಿವರಣೆಯೇ ಇಲ್ಲದಿದ್ದರೆ ಅವರು ಯಾರಿಗಾದರೂ ಫೋನ್ ಮಾಡಿ ಕೇಳುತ್ತಿದ್ದರು. ತಪ್ಪು ವಿವರಣೆ ಆ ಅನುಮಾನವನ್ನೂ ಹುಟ್ಟಿಸುವುದಿಲ್ಲ.

ಇದಕ್ಕೆ ಉಪಾಯವಿದೆ. ಪ್ರತಿ ಚಿತ್ರದ ಕಡತದಿಂದ ಹ್ಯಾಶ್ ಎಂಬ ಒಂದು ಗುರುತನ್ನು ಲೆಕ್ಕಹಾಕಿ ಪಡೆಯಬಹುದು. ಅದು ನಮ್ಮ ಹೆಬ್ಬೆಟ್ಟಿನ ಗುರುತಿದ್ದಂತೆ. ವಿವರಣೆ ಬರೆದಾಗ ಇದ್ದ ಚಿತ್ರದ ಗುರುತನ್ನು ಅದರ ಜೊತೆಗೇ ಬರೆದಿಡಬೇಕು. ಹೊರಡುವ ಮುನ್ನ ಮತ್ತೆ ಲೆಕ್ಕಹಾಕಿ ಹೋಲಿಸಬೇಕು. ಎರಡೂ ಒಂದೇ ಆಗಿರದಿದ್ದರೆ ಚಿತ್ರವನ್ನು ತಡೆದು ಕಾರ್ಯದರ್ಶಿಗಳಿಗೆ ಸಂದೇಶ ಕಳಿಸಬೇಕು. ಅದೇ ಚಿತ್ರವನ್ನು ಬೇರೆ ಗಾತ್ರದಲ್ಲಿ ಉಳಿಸಿದರೂ ಗುರುತು ಬದಲಾಗುವುದರಿಂದ ಒಮ್ಮೊಮ್ಮೆ ಸುಮ್ಮಸುಮ್ಮನೆ ತಡೆಯುವುದುಂಟು. ಆಗ ವಿವರಣೆಯನ್ನು ಇನ್ನೊಮ್ಮೆ ಓದಿ ಒಪ್ಪಿಗೆ ಕೊಟ್ಟರಾಯಿತು. ಈ ಹೋಲಿಕೆಯನ್ನು ಹಿಂದಿನ ದಿನವೇ ಒಮ್ಮೆ ನಡೆಸಿದರೆ ತಿದ್ದಲು ಸಮಯ ಸಿಗುತ್ತದೆ. ಹೊರಡುವಾಗ ಇನ್ನೊಮ್ಮೆ ನಡೆಸಲೇಬೇಕು.

ಇದರ ಜೊತೆಗೆ ಅಡಿಬರಹದಲ್ಲೂ ವಿವರಣೆಯಲ್ಲೂ ಇರುವ ಅಂಕಿಗಳನ್ನು ಹೋಲಿಸಬಹುದು. ಒಂದು ಕಡೆ 5.30, ಇನ್ನೊಂದು ಕಡೆ 6.00 ಎಂದಿದ್ದರೆ ಸಿಕ್ಕಿಬೀಳುತ್ತದೆ. ಒಂದರಲ್ಲಿ ಕನ್ನಡ ಅಂಕಿ ೫ ಇದ್ದು ಇನ್ನೊಂದರಲ್ಲಿ 5 ಇದ್ದರೆ ಮೊದಲು ಎರಡನ್ನೂ ಒಂದೇ ಬಗೆಗೆ ತರಬೇಕು. ಇಲ್ಲದಿದ್ದರೆ ಪ್ರೋಗ್ರಾಮು ಅವನ್ನು ಬೇರೆಬೇರೆ ಎಂದೇ ತಿಳಿಯುತ್ತದೆ.

ಇಷ್ಟಾದರೂ, ಪೋಸ್ಟರಿನಲ್ಲಿರುವುದೇ ವಿವರಣೆಯಲ್ಲಿದೆಯೇ ಎಂಬುದು ಈ ಯಾವ ತಪಾಸಣೆಗೂ ಗೊತ್ತಾಗುವುದಿಲ್ಲ. ಅದಕ್ಕೆ ಇಬ್ಬರು ಬೇಕು. ಒಬ್ಬರು ವಿವರಣೆಯನ್ನು ಗಟ್ಟಿಯಾಗಿ ಓದಲಿ. ಇನ್ನೊಬ್ಬರು ಪೋಸ್ಟರನ್ನು ನೋಡದೆ ಕೇಳಿ, ಯಾವ ದಿನ, ಎಷ್ಟು ಹೊತ್ತಿಗೆ, ಎಲ್ಲಿಗೆ ಬರಬೇಕು ಎಂದು ಹೇಳಲಿ. ಈ ಮೂರಕ್ಕೂ ಉತ್ತರ ಬಂದು, ಅದು ಪೋಸ್ಟರಿಗೆ ತಾಳೆಯಾದರೆ ಚಿತ್ರ ಹೊರಡಬಹುದು.